ರೂಮ್ ಇಲ್ಲ ಅಂತ ಹೇಳುವ ಮೊದಲ ನಾಲ್ಕು ಮಾತು

ಪ್ರಶ್ನೆ: ಮೈಸೂರಿನಲ್ಲಿ 28 ರೂಮಿನ ಹೋಟೆಲ್ ನಮ್ಮದು. ಫ್ರಂಟ್ ಆಫೀಸ್ ನಾನು ನೋಡಿಕೊಳ್ಳುತ್ತೇನೆ. ಹೋದ ದಸರೆಯಲ್ಲಿ ಆಯುಧಪೂಜೆ ದಿನ ಎರಡು ಬುಕಿಂಗ್ ಜಾಸ್ತಿ ಆಗಿತ್ತು. ರಾತ್ರಿ ಒಂಬತ್ತಕ್ಕೆ ಬಂದ ಒಂದು ಫ್ಯಾಮಿಲಿಗೆ ರಿಂಗ್ ರೋಡ್ ಹತ್ತಿರ ನಮ್ಮದಕ್ಕಿಂತ ಒಳ್ಳೆ ಹೋಟೆಲ್‌ನಲ್ಲೇ ರೂಮ್ ಕೊಡಿಸಿದೆವು. ನಮ್ಮ ಹುಡುಗ ಮರ್ಯಾದೆಯಿಂದಲೇ "ಸಿಸ್ಟಂ ಪ್ರಾಬ್ಲಂ ಆಗಿದೆ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ. ಆದರೂ ಅವರು ಲಾಬಿಯಲ್ಲೇ ಕೂಗಾಡಿದರು, ಆಮೇಲೆ ಒಂದು ಸ್ಟಾರ್ ಕೊಟ್ಟು ಉದ್ದಕ್ಕೆ ಬರೆದರು. ಈ ಸಲವೂ ಹಾಗೆ ಆದರೆ ಏನಂತ ಹೇಳಬೇಕು? ಹುಡುಗರಿಗೆ ಬರೆದುಕೊಡಲು ಮಾತುಗಳು ಬೇಕು.

ಉತ್ತರ: ಮಾತುಗಳನ್ನು ಬರೆದೇ ಕೊಡುತ್ತೇನೆ. ಅದಕ್ಕೆ ಮೊದಲು ನಿಮ್ಮ ಹುಡುಗ ಹೇಳಿದ ಆ ಒಂದು ವಾಕ್ಯವನ್ನೇ ಹಿಡಿದು ನೋಡೋಣ. ಅವನು ಒರಟಾಗಿ ಮಾತಾಡಲಿಲ್ಲ, ನಿಜ. ಆದರೆ ಆ ವಾಕ್ಯದಲ್ಲಿ ಎರಡು ತಪ್ಪು ಕೂತಿವೆ. ಎರಡೂ ನಾವು ದಿನಾ ಆಡುವ ಮಾತೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯದು "ಆಗಿದೆ". ಕನ್ನಡದಲ್ಲಿ ಯಾರು ಮಾಡಿದರು ಅಂತ ಹೇಳದೆಯೇ ವಾಕ್ಯ ಮುಗಿಸಬಹುದು. ಪ್ರಾಬ್ಲಂ ಆಗಿದೆ, ಬುಕಿಂಗ್ ಜಾಸ್ತಿ ಆಗ್ಬಿಟ್ಟಿದೆ, ರೂಮ್ ಫುಲ್ ಆಗೋಗಿದೆ. ಮನೆಯಲ್ಲಿ ಲೋಟ ಒಡೆದಾಗ ಮಕ್ಕಳು "ಬಿದ್ದೋಯ್ತು" ಅನ್ನುತ್ತಾರಲ್ಲ, ಅದೇ ಮಾತು. ದುಡ್ಡು ಕಟ್ಟಿ, ಗಾಡಿ ಓಡಿಸಿಕೊಂಡು ಬಂದವರಿಗೆ ಇದು ಹೇಗೆ ಕೇಳಿಸುತ್ತದೆ ಗೊತ್ತಾ? ಇಲ್ಲಿ ಯಾರೂ ತಪ್ಪು ಒಪ್ಪಿಕೊಳ್ಳುತ್ತಿಲ್ಲ ಅಂತ ಕೇಳಿಸುತ್ತದೆ. ಆಗ ತಪ್ಪು ಯಾರದು ಅಂತ ಸಾಬೀತು ಮಾಡುವ ಕೆಲಸ ಅವರ ಮೇಲೆ ಬೀಳುತ್ತದೆ. ದನಿ ಏರುವುದು ಅಲ್ಲಿಂದಲೇ.

ಎರಡನೆಯದು "ಅಡ್ಜಸ್ಟ್ ಮಾಡ್ಕೊಳ್ಳಿ". ಬಸ್ಸಿನ ಸೀಟಿನಲ್ಲಿ ಇದು ಚೆಂದದ ಮಾತು. ಅಲ್ಲಿ ಇಬ್ಬರೂ ಸಮ, ಇಬ್ಬರೂ ಸ್ವಲ್ಪ ಸ್ವಲ್ಪ ಜರುಗುತ್ತಾರೆ. ನಿಮ್ಮ ಕೌಂಟರ್‌ನಲ್ಲಿ ಜರುಗಬೇಕಾದವರು ಅವರೊಬ್ಬರೇ. ತಪ್ಪು ಮಾಡಿದವರೇ, ತಪ್ಪು ಮಾಡದವರಿಗೆ "ಅಡ್ಜಸ್ಟ್ ಮಾಡಿ" ಅಂದ ಹಾಗಾಯಿತು. ಹುಡುಗರಿಗೆ ಒಂದೇ ಒಂದು ಪದ ಬಿಡಿಸುವುದಾದರೆ ನಾನು ಇದನ್ನೇ ಬಿಡಿಸುತ್ತೇನೆ.

ಇದು ನನಗೂ ಪೆಟ್ಟು ತಿಂದೇ ಗೊತ್ತಾದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಸೂರಿನ ಒಂದು ಹೋಟೆಲ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಒಂದು ದಸರೆ ರಾತ್ರಿ ನಮ್ಮಲ್ಲೂ ಹೀಗೇ ರೂಮ್ ಕಮ್ಮಿ ಬಿತ್ತು. "ಪೈಪ್ ಒಡೆದಿದೆ ಅಂತ ಹೇಳು" ಅಂದರು ಮೇಲಿನವರು. ಹಾಗೇ ಹೇಳಿದೆ. ಗಂಡ, ಹೆಂಡತಿ, ಜೊತೆಗೆ ವಯಸ್ಸಾದ ತಾಯಿ. ಪೈಪ್ ಅಂದ ಕೂಡಲೇ ಅವರು ಸಿಟ್ಟಾಗಲಿಲ್ಲ. "ಪಾಪ, ನೀವೇನ್ ಮಾಡ್ತೀರಿ" ಅಂದರು. ಬೇರೆ ಹೋಟೆಲ್ ಹುಡುಕುತ್ತೇವೆ, ಐದು ನಿಮಿಷ ಅಂತ ಕೂರಿಸಿದೆವು. ಐದು ನಿಮಿಷ ನಲವತ್ತು ನಿಮಿಷವಾಯಿತು. ಸೋಫಾ ತುಂಬಿತ್ತು, ಆ ತಾಯಿ ತಮ್ಮ ಸೂಟ್‌ಕೇಸ್ ಅಡ್ಡ ಮಲಗಿಸಿ ಅದರ ಮೇಲೆ ಕೂತಿದ್ದರು. ಅಷ್ಟರಲ್ಲಿ ಇನ್ನೊಬ್ಬರು ಬಂದರು, ಬುಕಿಂಗ್ ಹೇಳಿದರು, ನನ್ನ ಪಕ್ಕದವನು ಅವರ ಕೈಗೆ ಕೀ ಕೊಟ್ಟ. ತಾಯಿ ಅದನ್ನು ನೋಡಿದರು. ಮಗನನ್ನು ಕರೆದು ಕಿವಿಯಲ್ಲಿ ಹೇಳಿದರು. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಅವರು ಆ ರಾತ್ರಿ ಸಿಟ್ಟಾಗಿದ್ದು ರೂಮ್ ಇಲ್ಲ ಅಂತಲ್ಲ. ಪೈಪ್ ಕಥೆ ನಂಬಿ ನಮ್ಮ ಮೇಲೆ ಕನಿಕರಪಟ್ಟಿದ್ದರಲ್ಲ, ಅದಕ್ಕೆ. ಆ ತಾಯಿಯ ಮುಖ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ಪೈಪು, ಏಸಿ, ಸಿಸ್ಟಂ ಅಂತ ಸುಮ್ನೆ ಹೇಳಬೇಡಿ. ನಿಜವಾಗಿಯೂ ನೀರು ಸೋರಿದ್ದರೆ ಧಾರಾಳವಾಗಿ ಹೇಳಿ, ಬೇಕಾದರೆ ಕರೆದುಕೊಂಡು ಹೋಗಿ ತೋರಿಸಿ. ಇಲ್ಲದಿದ್ದರೆ ಬೇಡ. ಹೋಟೆಲ್ ಲಾಬಿಯಲ್ಲಿ ಸುಳ್ಳು ಒಂದು ಗಂಟೆ ನಿಲ್ಲುವುದಿಲ್ಲ. ಕೌಂಟರ್‌ನಲ್ಲಿ ಇನ್ನೊಬ್ಬರಿಗೆ ಕೀ ಹೋಗುತ್ತದೆ, ಬೇರೆ ಹೋಟೆಲ್‌ಗೆ ಬಿಡುವ ಕ್ಯಾಬ್ ಡ್ರೈವರ್ "ಇವತ್ತು ನಾಲ್ಕನೇ ಟ್ರಿಪ್ ಸರ್" ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು.

ಇನ್ನು "ನಮ್ಮದಕ್ಕಿಂತ ಒಳ್ಳೆ ಹೋಟೆಲ್" ಅನ್ನುವ ವಿಷಯ. ಒಳ್ಳೆ ರೂಮ್ ಕೊಟ್ಟರೆ ಗೆಸ್ಟ್ ಖುಷಿಯಾಗುತ್ತಾರೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಬೇರೆ ದಿನಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ದಸರೆಯಲ್ಲಿ ಅಲ್ಲ. ಆಯುಧಪೂಜೆ ದಿನ ಬಂದವರು ಮಾರನೇ ದಿನದ ಜಂಬೂಸವಾರಿಗೆ ಬಂದಿರುತ್ತಾರೆ. ಸವಾರಿ ಅರಮನೆಯಿಂದ ಹೊರಟು ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ ಮೇಲೆ ಬನ್ನಿಮಂಟಪಕ್ಕೆ ಹೋಗುತ್ತದೆ. ಆ ದಿನ ಆ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ. ನಿಮ್ಮ ಹೋಟೆಲ್ ಅರಮನೆಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ, ಅವರು ದುಡ್ಡು ಕೊಟ್ಟಿದ್ದು ಆ ಹತ್ತಿರಕ್ಕೇ ಹೊರತು ಹಾಸಿಗೆಗೆ ಅಲ್ಲ. ರಿಂಗ್ ರೋಡ್‌ನಲ್ಲಿ ಎಷ್ಟು ದೊಡ್ಡ ರೂಮ್ ಕೊಟ್ಟರೂ ಅವರ ಮನಸ್ಸಿನಲ್ಲಿ ಓಡುವ ಲೆಕ್ಕ ಒಂದೇ: ನಾಳೆ ಇಲ್ಲಿಂದ ಹೇಗೆ ಹೋಗೋದು, ಮಕ್ಕಳನ್ನ ಎಲ್ಲಿ ತನಕ ನಡೆಸೋದು. ಅದಕ್ಕೆ ಉತ್ತರ ಇಲ್ಲದೆ "ಇಲ್ಲಿಗಿಂತ ಚೆನ್ನಾಗಿದೆ ಸರ್" ಅಂದರೆ ಉರಿಯುವುದಕ್ಕೆ ತುಪ್ಪ ಸುರಿದಂತೆ. ನಿಮಗೆ ಬಂದ ಉದ್ದದ ರಿವ್ಯೂ ಇನ್ನೊಂದು ಸಲ ಓದಿ ನೋಡಿ. ಅದರಲ್ಲಿ ರೂಮಿನ ಬಗ್ಗೆ ಒಂದು ಮಾತೂ ಇಲ್ಲದೆ, ದೂರ ಮತ್ತು ಕಾಯಿಸಿದ್ದರ ಬಗ್ಗೆಯೇ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಎರಡು ಜಾಸ್ತಿ ಯಾಕಾಯಿತು ಅಂತಲೂ ಗೊತ್ತಿರಬೇಕು. ಗೆಸ್ಟ್ "ಯಾಕೆ?" ಅಂದಾಗ ನಿಮ್ಮ ಹುಡುಗನ ಹತ್ತಿರ ನಿಜವಾದ ಉತ್ತರ ಇರಬೇಕಲ್ವಾ? ಸಾಮಾನ್ಯವಾಗಿ ಮೂರು ದಾರಿಯಿಂದ ಬರುತ್ತದೆ. ಒಂದು, ಅದೇ ಕೊನೆಯ ರೂಮು ಎರಡು ಬುಕಿಂಗ್ ಸೈಟಿನಲ್ಲಿ ಒಂದೇ ಹೊತ್ತಿಗೆ ಮಾರಾಟವಾಗುತ್ತದೆ. ಎಲ್ಲ ಸೈಟಿನ ಬುಕಿಂಗ್ ಹೊಂದಿಸುವ ಚಾನೆಲ್ ಮ್ಯಾನೇಜರ್ ಸಾಫ್ಟ್‌ವೇರ್ ಇದ್ದರೂ ಒಂದು ಕಡೆ ಬಿದ್ದ ಬುಕಿಂಗ್ ಇನ್ನೊಂದು ಕಡೆಗೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಎರಡು, ಓನರ್ ತಮ್ಮ ಪರಿಚಯದವರಿಗೆ ಫೋನಿನಲ್ಲೇ ರೂಮ್ ಒಪ್ಪಿಕೊಂಡಿರುತ್ತಾರೆ, ಅದು ಸಂಜೆ ತನಕ ಸಿಸ್ಟಂಗೆ ಹತ್ತಿರುವುದಿಲ್ಲ. ಮೂರನೆಯದು ಗೊತ್ತಿದ್ದೇ ತಗೊಳ್ಳುವುದು. ಮಾಮೂಲಿ ಶನಿವಾರ ಒಬ್ಬರೋ ಇಬ್ಬರೋ ಬರುವುದಿಲ್ಲ, ಹಾಗಾಗಿ ಎರಡು ಜಾಸ್ತಿ ತಗೊಂಡರೆ ಸರಿ ಹೋಗುತ್ತದೆ. ಆ ಅಭ್ಯಾಸವನ್ನೇ ದಸರೆಗೂ ಎಳೆದು ತಂದರೆ ಕೆಡುತ್ತದೆ. ದಸರೆಗೆ ಮುಂಗಡ ಪೂರ್ತಿ ಕಟ್ಟಿರುತ್ತಾರೆ, ಬೇರೆಲ್ಲೂ ರೂಮ್ ಸಿಗುವುದಿಲ್ಲ, ಎಲ್ಲರೂ ಬಂದೇ ಬರುತ್ತಾರೆ. ಅದರ ಮೇಲೆ ಒಳಗಿರುವ ಗೆಸ್ಟ್ ಒಬ್ಬರು "ಇನ್ನೊಂದು ದಿನ ಇರ್ತೀವಿ" ಅಂದರೆ ಅದು ಇನ್ನೂ ಒಂದು ರೂಮ್ ಕಮ್ಮಿ. ಮೂರರಲ್ಲಿ ಯಾವುದೇ ಇರಲಿ, ಮೂರೂ ನಿಮ್ಮ ಕಡೆಯದೇ. ಆದ್ದರಿಂದ "ತಪ್ಪು ನಮ್ಮದು" ಅನ್ನುವುದು ಬರೀ ಸೌಜನ್ಯದ ಮಾತಲ್ಲ, ಇರುವ ವಿಷಯವೇ ಅದು.

ಮಾತಿಗೆ ಬರುವ ಮುಂಚೆ ಕೈಯಲ್ಲಿ ಇರಬೇಕಾದದ್ದು ಇನ್ನೊಂದು ಇದೆ: ರೂಮ್. ಬುಕಿಂಗ್ ಇರುವ ಗೆಸ್ಟನ್ನು ಬೇರೆ ಹೋಟೆಲ್‌ಗೆ ಕಳಿಸುವುದಕ್ಕೆ ನಮ್ಮ ಕಸುಬಿನಲ್ಲಿ "ವಾಕ್ ಮಾಡುವುದು" ಅನ್ನುತ್ತಾರೆ. ಸರಿಯಾಗಿ ವಾಕ್ ಮಾಡುವವರು ಮೊದಲು ಆ ಕಡೆ ರೂಮ್ ಹಿಡಿದು, ದುಡ್ಡು ಕಟ್ಟಿ, ಆಮೇಲೆ ಗೆಸ್ಟ್ ಹತ್ತಿರ ಬಾಯಿ ಬಿಡುತ್ತಾರೆ. "ನೋಡ್ತೀವಿ ಸರ್, ಏನಾದ್ರೂ ವ್ಯವಸ್ಥೆ ಮಾಡ್ತೀವಿ" ಅಂತ ಶುರು ಮಾಡಿದರೆ, ಅವರ ಸಿಟ್ಟು ಇಳಿಸುವಂಥ ಮಾತು ನಿಮ್ಮ ಹತ್ತಿರ ಒಂದೂ ಇರುವುದಿಲ್ಲ.

ಒಂದು ದಸರೆಯಲ್ಲಿ ನಾನು ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಆಗ ನಾನು ಬೇರೆ ಹೋಟೆಲ್‌ನಲ್ಲಿ ಡ್ಯೂಟಿ ಮ್ಯಾನೇಜರ್. 32 ರೂಮ್, ಆಯುಧಪೂಜೆ ರಾತ್ರಿಗೆ 33 ಬುಕಿಂಗ್. ಬೆಳಿಗ್ಗೆ ಏಳಕ್ಕೇ ಲೆಕ್ಕ ಹಾಕಿದೆವು, ಯಾರೂ ಕ್ಯಾನ್ಸಲ್ ಮಾಡಿರಲಿಲ್ಲ. ಸಂಜೆ ತನಕ ಕಾದು ನೋಡೋಣ ಅಂತ ಒಬ್ಬರು ಹೇಳಿದರು. ಕಾಯುವುದರಲ್ಲಿ ಒಂದು ಆಸೆ ಇರುತ್ತದೆ, ಯಾರಾದರೂ ಬರದೇ ಇದ್ದರೆ ಒಂದು ರೂಪಾಯಿ ಖರ್ಚಿಲ್ಲದೆ ಪಾರಾಗಬಹುದು ಅಂತ. ಆದರೆ ಆ ಜೂಜಿನಲ್ಲಿ ಸೋತರೆ, ಸಿಕ್ಕಿಬೀಳುವವರು ಕೊನೆಗೆ ಬಂದವರು. ಕೊನೆಗೆ ಬರುವವರು ಅಂದರೆ ತುಂಬಾ ದೂರದಿಂದ ಬಂದವರು, ತುಂಬಾ ದಣಿದವರು. ಆ ಹೊತ್ತಿಗೆ ಊರಲ್ಲಿ ರೂಮೂ ಉಳಿದಿರುವುದಿಲ್ಲ. ನಿಮಗೆ ಹೋದ ವರ್ಷ ಆಗಿದ್ದೂ ಇದೇ.

ಹಾಗಾಗಿ ಬೆಳಿಗ್ಗೆಯೇ ನಜರ್‌ಬಾದ್ ಕಡೆ ಒಂದು ಹೋಟೆಲ್‌ಗೆ ಫೋನ್ ಮಾಡಿ ಒಂದು ಡಬಲ್ ರೂಮ್ ಹಿಡಿದೆವು. ಅಲ್ಲಿಂದಲೂ ಅರಮನೆಗೆ ನಡೆದು ಹೋಗಬಹುದು. ನಮ್ಮ ರೂಮ್ 3,800 ರೂಪಾಯಿ, ಅಲ್ಲಿ 5,200. ಜಾಸ್ತಿ ಬಿದ್ದ 1,400 ನಮ್ಮದು, ಕ್ಯಾಬ್ ನಮ್ಮದು. ನಮ್ಮ ಓನರ್ ಮೊದಲು ಮುಖ ಸಿಂಡರಿಸಿದರು. "ಅದೇ 1,400ಕ್ಕೆ ಈ ದಸರೆಯಲ್ಲಿ ಒಂದು ಕೆಟ್ಟ ರಿವ್ಯೂ ತಪ್ಪುತ್ತೆ ಸರ್" ಅಂದಾಗ ಒಪ್ಪಿದರು.

ಆಮೇಲೆ ಅರೈವಲ್ ಲಿಸ್ಟ್ ಮುಂದಿಟ್ಟುಕೊಂಡು ಯಾರನ್ನು ಕೇಳುವುದು ಅಂತ ಕೂತೆವು. ವಯಸ್ಸಾದವರು, ಹಸುಗೂಸು ಇರುವವರು, ಒಂಟಿಯಾಗಿ ರಾತ್ರಿ ಬರುವ ಹೆಣ್ಣುಮಕ್ಕಳು, ಪಕ್ಕದ ರೂಮಿನಲ್ಲಿ ನೆಂಟರು ಇರುವವರು, ಇವರನ್ನು ಮೊದಲೇ ಬಿಟ್ಟೆವು. ವಿದೇಶದವರು ಒಬ್ಬರಿದ್ದರು, ಅವರನ್ನೂ ಬಿಟ್ಟೆವು. ವಿದೇಶಿ ಗೆಸ್ಟ್ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕಳಿಸಬೇಕು. ಆ ಏರ್ಪಾಡು ಇಲ್ಲದ ಸಣ್ಣ ಹೋಟೆಲ್‌ಗಳು ವಿದೇಶದವರಿಗೆ ರೂಮ್ ಕೊಡುವುದೇ ಇಲ್ಲ. ಅವರನ್ನು ಕಳಿಸಿ, ಅಲ್ಲಿ ಅವರು ಬಾಗಿಲಿಂದ ವಾಪಸ್ ಬಂದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಉಳಿದವರಲ್ಲಿ ಒಂದೇ ರಾತ್ರಿ ಇರುವ, ಸ್ವಂತ ಗಾಡಿಯಲ್ಲಿ ಬರುವ ನಾಲ್ಕು ಜನ ಸಿಕ್ಕರು. "ಇವರು ಜಗಳ ಆಡೋ ಥರ ಕಾಣಲ್ಲ" ಅಂತ ಯಾರನ್ನೂ ಆರಿಸಬೇಡಿ. ಮೆತ್ತಗಿರುವವರ ಮೇಲೆ ಹೊರೆ ಹಾಕುವುದು ಅನ್ಯಾಯ.

ಮೊದಲ ಫೋನು ಶಿವಮೊಗ್ಗದ ದಂಪತಿಗೆ. ಬೆಳಿಗ್ಗೆ ಎಂಟೂವರೆ, ಇನ್ನೂ ಮನೆಯಲ್ಲೇ ಇದ್ದರು. ನಾನು ಹೇಳಿದ್ದು ಇಷ್ಟು:

"ನಮಸ್ಕಾರ ಸರ್, ಮೈಸೂರಿಂದ ಹೋಟೆಲ್ ಮ್ಯಾನೇಜರ್ ಮಾತಾಡ್ತಿದ್ದೀನಿ. ಎರಡು ನಿಮಿಷ ಮಾತಾಡ್ಬಹುದಾ? ಗಾಡಿ ಓಡಿಸ್ತಿದ್ರೆ ಹೇಳಿ, ನಾನೇ ಆಮೇಲೆ ಮಾಡ್ತೀನಿ."

"ಹೇಳಿ."

"ಇವತ್ತು ರಾತ್ರಿ ನಿಮಗೆ ಕೊಡೋಕೆ ನಮ್ಮಲ್ಲಿ ರೂಮ್ ಇಲ್ಲ ಸರ್. ಇರೋದಕ್ಕಿಂತ ಒಂದು ಜಾಸ್ತಿ ಬುಕಿಂಗ್ ನಾವು ತಗೊಂಡಿದ್ದೀವಿ, ತಪ್ಪು ನಮ್ಮದು. ನಜರ್‌ಬಾದ್‌ನಲ್ಲಿ ಒಂದು ಹೋಟೆಲ್‌ನಲ್ಲಿ ನಿಮ್ಮ ಹೆಸರಿಗೆ ಡಬಲ್ ರೂಮ್ ತೆಗೆದಿಟ್ಟಿದ್ದೀವಿ, ಅಲ್ಲಿಂದ ಅರಮನೆಗೆ ನಡೆದೇ ಹೋಗ್ಬಹುದು. ಅಲ್ಲಿ ನೀವು ಒಂದು ರೂಪಾಯಿನೂ ಕೊಡೋ ಹಾಗಿಲ್ಲ, ಜಾಸ್ತಿ ಆಗೋದು ನಾವು ಕಟ್ಟಿದ್ದೀವಿ. ಅದು ಬೇಡ ಅಂದ್ರೆ ಕಟ್ಟಿರೋ ದುಡ್ಡು ಪೂರ್ತಿ ಇವತ್ತೇ ವಾಪಸ್ ಹಾಕ್ತೀವಿ."

ಅಷ್ಟು ಹೇಳಿ ಸುಮ್ಮನಾದೆ.

ಈ ಮಾತುಗಳ ಸಾಲು ನೋಡಿ. ರೂಮ್ ಇಲ್ಲ ಅನ್ನುವುದು ಮೊದಲ ವಾಕ್ಯ. ತಪ್ಪು ಯಾರದು ಅನ್ನುವುದು ಎರಡನೆಯದು, ಅದರಲ್ಲಿ "ನಾವು ತಗೊಂಡಿದ್ದೀವಿ" ಅಂತಿದೆ, "ಆಗಿದೆ" ಅಂತಲ್ಲ. ಮೂರನೆಯದು ಆಗಲೇ ಮಾಡಿ ಮುಗಿಸಿದ ಏರ್ಪಾಡು. ಅದರಲ್ಲಿ ಜಾಗದ ಹೆಸರಿದೆ, ಅವರಿಗೆ ಮುಖ್ಯವಾದ ದೂರದ ಮಾತಿದೆ. ನಾಲ್ಕನೆಯದು ದುಡ್ಡು, ಜೊತೆಗೆ ಬೇಡ ಅನ್ನುವ ದಾರಿ. ಹುಡುಗರು ಇದನ್ನು ತಿರುಗಿಸಿಬಿಡುತ್ತಾರೆ. ಹೆದರಿಕೆಗೆ ಮೊದಲು ಕ್ಷಮಿಸಿ ಸರ್, ತುಂಬಾ ಕ್ಷಮಿಸಿ, ಏನಾಯ್ತು ಅಂದ್ರೆ ಅಂತ ಎರಡು ನಿಮಿಷ ಎಳೆಯುತ್ತಾರೆ. ಕೇಳುವವರಿಗೆ ಎದೆ ಬಡಿದುಕೊಳ್ಳುತ್ತದೆ, ಯಾರಿಗೋ ಏನೋ ಆಗಿದೆ ಅನ್ನಿಸುತ್ತದೆ. ಕ್ಷಮೆ ಬೇಕು, ಒಂದು ಸಲ, "ತಪ್ಪು ನಮ್ಮದು" ಅಂದ ಹಿಂದೆಯೇ. ಹತ್ತು ಸಲ ಬೇಡ.

ಕೊನೆಯ ಮೌನವೂ ಮಾತಿನಷ್ಟೇ ಮುಖ್ಯ. ಹೇಳಬೇಕಾದ್ದನ್ನು ಹೇಳಿದ ಮೇಲೆ ಅವರು ಹೆಂಡತಿಯ ಮುಖ ನೋಡಬೇಕು, ಲೆಕ್ಕ ಹಾಕಬೇಕು. ಆ ಹೊತ್ತಿನಲ್ಲಿ ನಾವು ಬಡಬಡಿಸಿದರೆ ಒತ್ತಾಯ ಅನ್ನಿಸುತ್ತದೆ. ಶಿವಮೊಗ್ಗದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾರ್ಕಿಂಗ್ ಇದ್ಯಾ?" ಅಂತ ಕೇಳಿದರು. ಅಲ್ಲಿಗೆ ಅವರು ಒಪ್ಪಿದ್ದು ಗೊತ್ತಾಯಿತು. ಅವರು ಒಪ್ಪದಿದ್ದರೆ "ಸರಿ ಸರ್, ನಿಮ್ಮ ರೂಮ್ ಇಲ್ಲೇ ಇರುತ್ತೆ" ಅಂತ ಹೇಳಿ ಎರಡನೆಯವರಿಗೆ ಫೋನ್ ಮಾಡುತ್ತಿದ್ದೆ. ಬೆಳಿಗ್ಗೆ ಕೇಳುವುದರ ಲಾಭವೇ ಅದು, ನಾಲ್ಕು ಜನರಲ್ಲಿ ಒಬ್ಬರು ಮನಸಾರೆ ಒಪ್ಪುತ್ತಾರೆ. ಆದರೆ ನಾಲ್ವರಿಗೂ ಒಟ್ಟಿಗೆ ವಾಟ್ಸ್ಯಾಪ್ ಕಳಿಸಬೇಡಿ. ಇಬ್ಬರು ಒಪ್ಪಿದರೆ ಕಷ್ಟ, ಇನ್ನಿಬ್ಬರು ಸುಮ್ನೆ ದಿಗಿಲಿನಲ್ಲಿ ದಾರಿ ಸವೆಸುತ್ತಾರೆ. ಒಬ್ಬೊಬ್ಬರಿಗೇ ಫೋನ್ ಮಾಡಿ, ಒಬ್ಬರು ಒಪ್ಪಿದ ಕೂಡಲೇ ನಿಲ್ಲಿಸಿ.

ಇಲ್ಲೊಂದು ಎಚ್ಚರಿಕೆ. ಇನ್ನೂ ಯಾರೂ ಬಂದಿಲ್ಲದೆ, ನಾಲ್ವರಲ್ಲಿ ಯಾರೂ ಒಪ್ಪದೆ ಇದ್ದರೆ ಮಾತ್ರ "ರೂಮ್ ಇಲ್ಲ" ಅನ್ನುವುದನ್ನು ಒಬ್ಬರಿಗೆ ಖಡಾಖಂಡಿತ ಹೇಳಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಅದನ್ನೇ "ಒಂದು ರೂಮ್ ಕಮ್ಮಿ ಬಿದ್ದಿದೆ ಸರ್, ನೀವು ಒಪ್ಪಿದ್ರೆ ಮಾತ್ರ" ಅಂತ ಕೇಳುವುದು ಇನ್ನೂ ಪ್ರಾಮಾಣಿಕ. ನಾನು ಆವತ್ತು ಶಿವಮೊಗ್ಗದವರಿಗೆ ಹಾಗೆ ಹೇಳಲಿಲ್ಲ, ಈಗ ಮಾಡುವುದಾದರೆ ಹಾಗೇ ಹೇಳುತ್ತೇನೆ.

ಫೋನ್ ಮುಗಿದ ಹತ್ತು ನಿಮಿಷದಲ್ಲಿ ಬರಹದಲ್ಲಿ ಕಳಿಸಿ. ಫೋನಿನಲ್ಲಿ ಕೇಳಿದ್ದರಲ್ಲಿ ಅರ್ಧ ಮರೆತುಹೋಗುತ್ತದೆ, ಮನೆಯವರು "ಯಾವ ಹೋಟೆಲ್ಲು?" ಅಂತ ಕೇಳಿದಾಗ ತೋರಿಸಲು ಏನಾದರೂ ಬೇಕು. ಹೀಗೆ ಬರೆದರೆ ಸಾಕು:

"ನಮಸ್ಕಾರ ಸರ್. ಈಗ ಮಾತಾಡಿದಂತೆ ಇಂದು ರಾತ್ರಿ ನಿಮ್ಮ ರೂಮ್ ನಜರ್‌ಬಾದ್‌ನ ಹೋಟೆಲ್‌ನಲ್ಲಿದೆ. ಹೋಟೆಲ್ ಹೆಸರು, ಲೊಕೇಶನ್, ಅಲ್ಲಿನ ಮ್ಯಾನೇಜರ್ ನಂಬರ್ ಕೆಳಗಿದೆ. ಬಾಡಿಗೆ ನಾವು ಕಟ್ಟಿದ್ದೇವೆ, ಬೆಳಗಿನ ತಿಂಡಿಯೂ ಸೇರಿದೆ. ನಿಮ್ಮ ಐಡಿ ಮಾತ್ರ ತೋರಿಸಬೇಕು. ಏನೇ ತೊಂದರೆ ಆದರೂ ಅಲ್ಲಿಯವರ ಹತ್ತಿರ ಮಾತಾಡುವುದು ಬೇಡ, ನನ್ನ ಈ ನಂಬರ್‌ಗೆ ಮಾಡಿ."

ಕೊನೆಯ ಸಾಲು ಬಿಡಬೇಡಿ. ಗೆಸ್ಟ್ ಅಲ್ಲಿಗೆ ಹೋದಾಗ "ಬಾಡಿಗೆ ಕೊಡಿ" ಅಂತ ಯಾರಾದರೂ ಕೇಳಿಬಿಟ್ಟರೆ, ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನೀರಲ್ಲಿ ಹೋಮ. ಆ ಹೋಟೆಲ್‌ನ ಕೌಂಟರ್‌ನಲ್ಲಿರುವ ಹುಡುಗನಿಗೆ, ಅವನ ಪಾಳಿ ಬದಲಾದ ಮೇಲೆ ಬರುವವನಿಗೂ, ಬಿಲ್ ನಮ್ಮ ಹೆಸರಿಗೆ ಅಂತ ಬರೆದು ಕಳಿಸಿರಬೇಕು. ಇನ್ನೊಂದು ಸಣ್ಣ ವಿಷಯ, ಗೆಸ್ಟ್ ನಿಮಗೆ ಕಳಿಸಿದ ಆಧಾರ್ ಫೋಟೋವನ್ನು ಅವರನ್ನು ಕೇಳದೆ ಆ ಹೋಟೆಲ್‌ಗೆ ದಾಟಿಸಬೇಡಿ.

ಈಗ ನಿಮಗೆ ಹೆಚ್ಚು ಬೇಕಾಗಿರುವುದು: ಎಲ್ಲ ಮಾಡಿದರೂ, ರಾತ್ರಿ ಒಂಬತ್ತಕ್ಕೆ ಒಂದು ಫ್ಯಾಮಿಲಿ ಗಾಡಿಯಿಂದ ಇಳಿದೇಬಿಟ್ಟರೆ? ಫೋನ್ ಸಿಗದೇ ಇರಬಹುದು, ಒಳಗಿನ ಗೆಸ್ಟ್ ಕೊನೇ ಗಳಿಗೆಯಲ್ಲಿ ಖಾಲಿ ಮಾಡದೇ ಇರಬಹುದು. ಆಗ ಮೊದಲು ನಿಲ್ಲಿಸಬೇಕಾದ್ದು ನಿಮ್ಮ ರೂಮ್ ಬಾಯ್‌ಗಳನ್ನು. ಲಗೇಜ್ ಇಳಿಸಿ ಒಳಗೆ ತಂದು, ಆಮೇಲೆ ಅದೇ ಲಗೇಜ್ ವಾಪಸ್ ಡಿಕ್ಕಿಗೆ ಹಾಕುವುದಿದೆಯಲ್ಲ, ನೋಡುವವರಿಗೆ ಅದು ಹೊರಗೆ ಹಾಕಿದ ಹಾಗೇ ಕಾಣುತ್ತದೆ. ಅರೈವಲ್ ಲಿಸ್ಟಿನಲ್ಲಿ ಆ ಹೆಸರಿನ ಮುಂದೆ ಗುರುತು ಹಾಕಿ, ಗೇಟಿನವರಿಗೂ ಗಾಡಿ ನಂಬರ್ ಅಥವಾ ಹೆಸರು ಹೇಳಿಡಿ. ಅವರು ಬಂದ ಕೂಡಲೇ ನೀವೇ ಹೊರಗೆ ಹೋಗಿ. ರಿಜಿಸ್ಟರ್ ಬರೆಸುವುದು, ಐಡಿ ತಗೊಳ್ಳುವುದು ಯಾವುದೂ ಬೇಡ. ಅದೆಲ್ಲ ಮಾಡಿದರೆ ರೂಮ್ ಸಿಕ್ಕಿತು ಅಂತಲೇ ಅವರು ಅಂದುಕೊಳ್ಳುತ್ತಾರೆ.

ಕೌಂಟರ್ ಮುಂದೆ, ಬೇರೆಯವರ ಎದುರು ಹೇಳಬೇಡಿ. ಹೆಂಡತಿ ಮಕ್ಕಳ ಮುಂದೆ, ಅಪರಿಚಿತರ ಮುಂದೆ "ನಿಮಗೆ ರೂಮ್ ಇಲ್ಲ" ಅನ್ನಿಸಿಕೊಳ್ಳುವುದು ಮನೆಯ ಯಜಮಾನನಿಗೆ ಅವಮಾನ. ಆ ಅವಮಾನವೇ ಜೋರು ದನಿಯಾಗಿ ಹೊರಗೆ ಬರುತ್ತದೆ. ಪಕ್ಕದ ರೆಸ್ಟೋರೆಂಟಿನಲ್ಲಿ ಒಂದು ಟೇಬಲ್ ಇಟ್ಟುಕೊಂಡಿರಿ. ಮಕ್ಕಳಿಗೆ ಹಾಲು, ದೊಡ್ಡವರಿಗೆ ನೀರು, ಕಾಫಿ. ಎಲ್ಲರೂ ಕೂತ ಮೇಲೆ ಅದೇ ನಾಲ್ಕು ಮಾತು, ಅದೇ ಸಾಲಿನಲ್ಲಿ. ಫೋನಿಗೂ ಇದಕ್ಕೂ ಒಂದೇ ವ್ಯತ್ಯಾಸ: ಕೊನೆಗೆ "ಗಾಡಿ ಹೊರಗೆ ನಿಂತಿದೆ, ನಾನೂ ಜೊತೆಗೆ ಬಂದು ರೂಮ್ ತೋರಿಸಿ ಬರ್ತೀನಿ" ಅಂತ ಸೇರಿಸಿ. ಹೇಳಿದ ಮೇಲೆ ಹೋಗಲೇಬೇಕು.

ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. "ದುಡ್ಡು ಕಟ್ಟಿದ್ದೀನಿ, ನಂಗೆ ಇಲ್ಲೇ ಬೇಕು." ಇದಕ್ಕೆ ವಾದ ಮಾಡಬೇಡಿ. "ಹೌದು ಸರ್, ಕಟ್ಟಿದ್ದೀರಿ. ಕೊಡಬೇಕಾದವರು ನಾವು. ಖಾಲಿ ರೂಮ್ ಒಂದೂ ಉಳಿದಿಲ್ಲ, ಇದ್ದಿದ್ರೆ ಈ ಮಾತೇ ಬರ್ತಿರ್ಲಿಲ್ಲ." ಇದನ್ನು ಹೇಳಬೇಕಾದರೆ ನಿಜವಾಗಿಯೂ ಒಂದೂ ಉಳಿದಿರಬಾರದು. ಓನರ್ ಕಡೆಯವರಿಗೆ ಅಂತ ಒಂದನ್ನು ಮುಚ್ಚಿಟ್ಟಿದ್ದರೆ ಅದನ್ನು ಇವರಿಗೆ ಕೊಡಿ, ವಿಷಯ ಅಲ್ಲಿಗೇ ಮುಗಿಯಲಿ.

"ನಮ್ಮನ್ನೇ ಯಾಕೆ ಕಳಿಸ್ತೀರಿ?" ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ನ್ಯಾಯವಾದ ಪ್ರಶ್ನೆ ಕೂಡ. "ಬೇರೆಯವರೆಲ್ಲ ಬಂದು ರೂಮಿಗೆ ಹೋಗಿದ್ದಾರೆ ಸರ್, ಅವರನ್ನ ಎಬ್ಬಿಸೋಕೆ ಆಗಲ್ಲ. ನೀವು ಬರೋದಕ್ಕೆ ಮುಂಚೆನೇ ನಾವು ಹೇಳಬೇಕಿತ್ತು, ಹೇಳಲಿಲ್ಲ." ಇಷ್ಟೇ. "ನಿಮ್ಮ ನೋವು ನಮಗೆ ಅರ್ಥ ಆಗುತ್ತೆ" ಅಂತ ಟ್ರೈನಿಂಗಿನಲ್ಲಿ ಕಲಿಸುತ್ತಾರಲ್ಲ, ಅದು ಬೇಡ. ಕನ್ನಡದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಪುಸ್ತಕದ ಮಾತು ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ಅದರ ಬದಲು "ಊಟ ಆಯ್ತಾ ಅಮ್ಮಾ?" ಅಂತ ಅವರ ತಾಯಿಯನ್ನು ಕೇಳಿ. ಆಗಿಲ್ಲ ಅಂದರೆ ಊಟ ತರಿಸಿ, ಬಿಲ್ ಹಾಕಬೇಡಿ.

"ಓನರ್‌ನ ಕರೀರಿ." ಕರೆಯಿರಿ. ಕರೆಯುವುದಿಲ್ಲ ಅನ್ನುವುದರಿಂದ ಏನೂ ಸಿಗುವುದಿಲ್ಲ. ಓನರ್ ಬಂದು ಹೊಸದಾಗಿ ಚೌಕಾಸಿ ಶುರು ಮಾಡದ ಹಾಗೆ, ಏನು ಕೊಡುತ್ತೇವೆ ಅಂತ ಮೊದಲೇ ಮಾತಾಡಿಕೊಂಡಿರಿ. ಕೂಗಿದ ಮೇಲೆ ಜಾಸ್ತಿ ಸಿಕ್ಕರೆ, ಮೊದಲು ಕಮ್ಮಿ ಹೇಳಿ ಮೋಸ ಮಾಡಿದರು ಅಂತಲೇ ಅವರಿಗೆ ಅನಿಸುತ್ತದೆ. ಮೊದಲ ಮಾತಿನಲ್ಲೇ ಕೊಡುವಷ್ಟೂ ಹೇಳಿಬಿಡಿ. "ಮುಂದಿನ ಸಲ ಬಂದಾಗ ಡಿಸ್ಕೌಂಟ್" ಅನ್ನುವುದನ್ನು ಈ ಹೊತ್ತಿನಲ್ಲಿ ಎತ್ತಲೇಬೇಡಿ. ಮುಂದಿನ ಸಲ ಇಲ್ಲಿಗೆ ಬರಬೇಕೋ ಬೇಡವೋ ಅಂತ ಅವರು ಯೋಚಿಸುತ್ತಿರುತ್ತಾರೆ.

"ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ." ಹೋಗಬಹುದು. ಕನ್ಫರ್ಮ್ ಆದ ಬುಕಿಂಗಿಗೆ ರೂಮ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಅಂತ ಜಿಲ್ಲಾ ಆಯೋಗದ ಮುಂದೆ ಒಯ್ಯಲು ಬರುತ್ತದೆ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. "ಹೋಗಿ ನೋಡೋಣ" ಅಂತ ಯಾವ ಹುಡುಗನೂ ಹೇಳಬಾರದು. "ಅದು ನಿಮ್ಮ ಹಕ್ಕು ಸರ್. ಈಗ ಮಕ್ಕಳು ಮಲಗೋ ಹೊತ್ತು, ಮೊದಲು ರೂಮಿಗೆ ಹೋಗೋಣ, ನಡೆದಿದ್ದನ್ನ ನಾನೇ ಬರೆದು ಸಹಿ ಹಾಕಿ ಕೊಡ್ತೀನಿ" ಅನ್ನಿ. ಇದಕ್ಕೆ ಓನರ್ ಒಪ್ಪಬೇಕು, ಅದರಲ್ಲಿ ಅಪಾಯವೂ ಇದೆ. ಬರೆದುಕೊಟ್ಟಿದ್ದು ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಆದರೆ ಬುಕಿಂಗ್ ಮೆಸೇಜ್ ಅವರ ಫೋನಿನಲ್ಲಿ ಆಗಲೇ ಇದೆ. ಮುಚ್ಚಿಡುವುದಕ್ಕೆ ಏನೂ ಉಳಿದಿರುವುದಿಲ್ಲ, ಬೇರೆ ರೂಮ್ ಕೊಡಿಸಿ ಖರ್ಚು ಹೊತ್ತಿದ್ದೀರಿ ಅನ್ನುವುದೂ ಅದೇ ಕಾಗದದಲ್ಲಿ ಇರುತ್ತದೆ.

ಇಷ್ಟಾದ ಮೇಲೂ ಕೆಲವರು ಒಪ್ಪುವುದಿಲ್ಲ. ಹೊರಟುಹೋಗುತ್ತೇವೆ ಅಂದರೆ ತಡೆಯಬೇಡಿ. ಅವರ ಎದುರೇ ದುಡ್ಡು ವಾಪಸ್ ಹಾಕಿ, ಬಂದ ಮೆಸೇಜ್ ನೋಡಿಕೊಂಡು ಹೋಗಲಿ. ಸೈಟ್ ಮೂಲಕ ಕಟ್ಟಿದ್ದರೆ ಸೈಟಿಗೆ ನೀವೇ ಅವರ ಮುಂದೆ ಫೋನ್ ಮಾಡಿ, ತಪ್ಪು ಹೋಟೆಲಿನದು ಅಂತ ಹೇಳಿ. "ಸೈಟಿನವರನ್ನ ಕೇಳಿ ಸರ್" ಅಂತ ದಾಟಿಸಿದರೆ ಅವರು ಎರಡು ಕಡೆ ಅಲೆಯಬೇಕಾಗುತ್ತದೆ. ಯಾವ ಮಾತಿನಿಂದಲೂ ಸಿಟ್ಟೇ ಬಾರದ ಹಾಗೆ ಮಾಡಲು ಆಗುವುದಿಲ್ಲ, ಅದನ್ನು ನಿಮ್ಮ ಹುಡುಗರಿಗೂ ಹೇಳಿ. ಇಲ್ಲದಿದ್ದರೆ ಗೆಸ್ಟ್ ಬೈದಾಗ, ತಾನು ತಪ್ಪು ಮಾತಾಡಿದೆ ಅಂತ ಹುಡುಗ ಗಾಬರಿಯಾಗಿ ಇಲ್ಲದ ಕಥೆ ಕಟ್ಟಲು ಶುರು ಮಾಡುತ್ತಾನೆ.

ಬರೆದುಕೊಟ್ಟರೆ ಅವರು ಓದಿ ಒಪ್ಪಿಸುತ್ತಾರೆ, ಅಷ್ಟೇ. ಅದಕ್ಕೆ ನವರಾತ್ರಿ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ. ನೀವು ಗೆಸ್ಟ್ ಆಗಿ, ಜೋರಾಗಿಯೇ ಕೇಳಿ. ನಾಲ್ಕು ಮಾತನ್ನು ಅವರವರ ಕನ್ನಡದಲ್ಲೇ ಹೇಳಲಿ. ಚಾಮರಾಜನಗರದ ಹುಡುಗ ಅವನ ಧಾಟಿಯಲ್ಲಿ ಹೇಳಲಿ, ಮಂಗಳೂರಿನವನು ಅವನ ಥರ ಹೇಳಲಿ. ಸಾಲು ತಪ್ಪದಿದ್ದರೆ ಸಾಕು. "ಆಗಿದೆ", "ಅಡ್ಜಸ್ಟ್" ಬಾಯಿಗೆ ಬಂದಾಗಲೆಲ್ಲ ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿಸಿ.

ಇನ್ನೊಂದು ಫೋನು ಬಾಕಿ ಇರುತ್ತದೆ. ಗೆಸ್ಟ್ ಆ ಹೋಟೆಲ್ ಮುಟ್ಟಿದ ಅರ್ಧ ಗಂಟೆಗೆ ನೀವೇ ಮಾಡಿ. "ರೂಮ್ ಸರಿ ಇದ್ಯಾ ಸರ್? ಬಿಸಿನೀರು ಬರ್ತಿದ್ಯಾ? ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ತೀರಿ?" ಇಷ್ಟೇ ಕೇಳಿ, ರಿವ್ಯೂ ಮಾತು ಎತ್ತಬೇಡಿ. ಶಿವಮೊಗ್ಗದವರಿಗೆ ಆವತ್ತು ರಾತ್ರಿ ಫೋನ್ ಮಾಡಿದಾಗ, ಒಂದು ಹೊದಿಕೆ ಕಮ್ಮಿ ಇದೆ ಅಂದರು. ನಮ್ಮ ಲಿನನ್ ರೂಮಿಂದ ಒಂದು ತೆಗೆದುಕೊಂಡು ಹುಡುಗ ಸ್ಕೂಟರ್‌ನಲ್ಲಿ ಹೋಗಿ ಕೊಟ್ಟು ಬಂದ.